ಮೇಣದಿಂದ ಉಕ್ಕಿಗೆ: ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಂಪು, ವಾಲ್ವು, ಯಂತ್ರಗಳ ಬಿಡಿಭಾಗ ಮಾಡಿಸುವವರು ಮತ್ತು ಡಿಪ್ಲೊಮಾ, ಎಂಜಿನಿಯರಿಂಗ್ ಓದುತ್ತಿರುವವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸೋಣ. ಅದು 110 ಮಿಲಿಮೀಟರ್ ವ್ಯಾಸದ, ಎರಡೂ ಬದಿ ತಟ್ಟೆಗಳಿಂದ ಮುಚ್ಚಿದ, ನಡುವೆ ಐದು ಬಾಗಿದ ರೆಕ್ಕೆಗಳಿರುವ ಪಂಪಿನ ಇಂಪೆಲ್ಲರ್. ಲೋಹ ಸಿಎಫ್8ಎಂ, ಅಂದರೆ 316 ಸ್ಟೇನ್‌ಲೆಸ್ ಸ್ಟೀಲಿನ ಎರಕದ ರೂಪ. ತೂಕ ಸುಮಾರು 640 ಗ್ರಾಂ.

ಹೆಸರಿನಲ್ಲಿ "ಇನ್ವೆಸ್ಟ್‌ಮೆಂಟ್" ಏಕೆ? ಹೆಚ್ಚು ಬಂಡವಾಳ ಬೇಕೆಂದೇ?

ಬಂಡವಾಳಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಆ ಪದದ ಹಳೆಯ ಅರ್ಥ ಉಡಿಸುವುದು, ಹೊದಿಸುವುದು. ಮೇಣದ ಬೊಂಬೆಗೆ ಪಿಂಗಾಣಿಯಂಥ ಕವಚ ಹೊದಿಸಿ, ಮೇಣವನ್ನು ಕರಗಿಸಿ ತೆಗೆದು, ಆ ಟೊಳ್ಳಿಗೆ ಲೋಹ ಸುರಿಯುವುದರಿಂದ ಈ ಹೆಸರು ಬಂತು. ಮೇಣ ಉಳಿಯುವುದಿಲ್ಲವಾದ್ದರಿಂದ ಲಾಸ್ಟ್ ವ್ಯಾಕ್ಸ್ ಎಂದೂ ಕರೆಯುತ್ತಾರೆ.

ಇದು ನಮ್ಮ ವಿಗ್ರಹ ಎರಕದ ವಿದ್ಯೆಯೇ ಅಲ್ಲವೇ?

ಬೇರು ಒಂದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮೇಣದಿಂದ ವಿಗ್ರಹ ಎರೆಯುವ ವಿಧಾನ ವಿವರವಾಗಿದೆ. ನುಣ್ಣಗೆ ಅರೆದ ಮಣ್ಣನ್ನು ಮೂರು ಪದರವಾಗಿ ಹಚ್ಚಬೇಕು, ಮೊದಲ ಪದರ ತೆಳುವಾಗಿರಬೇಕು, ಅದನ್ನು ನೆರಳಿನಲ್ಲಿ ಒಣಗಿಸಬೇಕು, ಮೇಣವನ್ನು ಮೊದಲೇ ತೂಗಿ ಎಷ್ಟು ಲೋಹ ಬೇಕೆಂದು ಲೆಕ್ಕ ಹಾಕಬೇಕು ಎಂದು ಅಲ್ಲಿ ಹೇಳಿದೆ. ಪದರಗಳ ಎಣಿಕೆ ಬಿಟ್ಟರೆ, ಇವತ್ತಿನ ಫೌಂಡ್ರಿಯಲ್ಲೂ ಈ ಮಾತುಗಳಲ್ಲಿ ಒಂದನ್ನೂ ಬಿಡುವಂತಿಲ್ಲ. ಮೊದಲ ಪದರವನ್ನು ನೆರಳಿನಲ್ಲೇ ಏಕೆ ಒಣಗಿಸಬೇಕು ಎಂಬುದು ಮುಂದೆ ಬರುತ್ತದೆ. ನನ್ನ ಮಟ್ಟಿಗೆ ಇಡೀ ವಿದ್ಯೆಯ ಗುಟ್ಟು ಅಲ್ಲಿದೆ.

ವ್ಯತ್ಯಾಸ ಇಷ್ಟು: ಸ್ಥಪತಿ ಪ್ರತಿ ವಿಗ್ರಹಕ್ಕೂ ಮೇಣವನ್ನು ಕೈಯಲ್ಲಿ ತಿದ್ದುತ್ತಾನೆ. ಕಾರ್ಖಾನೆಯಲ್ಲಿ ಡೈಯೊಳಗೆ ಮೇಣ ತುಂಬಿ ಒಂದೇ ಅಳತೆಯ ನೂರಾರು ಪ್ರತಿಗಳನ್ನು ತೆಗೆಯುತ್ತಾರೆ.

ಮೊದಲ ಹೆಜ್ಜೆ ಯಾವುದು? ಡೈಯನ್ನು ಭಾಗದ ಅಳತೆಗೇ ಮಾಡುತ್ತಾರೆಯೇ?

ಇಲ್ಲ, ಸ್ವಲ್ಪ ದೊಡ್ಡದಾಗಿ ಮಾಡುತ್ತಾರೆ. ಡೈಯಲ್ಲಿ ತಣಿದ ಮೇಣ ಕುಗ್ಗುತ್ತದೆ, ಕವಚ ಕಾದಾಗ ತುಸು ಹಿಗ್ಗುತ್ತದೆ, ಕೊನೆಗೆ ಉಕ್ಕು ಗಟ್ಟಿಯಾಗಿ ತಣಿಯುವಾಗ ಎರಡು ಪ್ರತಿಶತದಷ್ಟು ಕುಗ್ಗುತ್ತದೆ. ಎಲ್ಲವನ್ನೂ ಕೂಡಿಸಿ ಕಳೆದರೆ ನಮ್ಮ ಇಂಪೆಲ್ಲರಿಗೆ ಸುಮಾರು 2.4 ಪ್ರತಿಶತ ಸೇರಿಸಬೇಕಾಗುತ್ತದೆ. 110 ಮಿಲಿಮೀಟರ್ ಸಿಗಬೇಕಾದರೆ ಡೈಯಲ್ಲಿ 112.6 ಇರಬೇಕು. ಈ ಶೇಕಡಾವಾರು ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಶಾಫ್ಟ್ ಕೂರುವ ನಡುವಿನ ಗುಬುಟು ಸರಾಗವಾಗಿ ಕುಗ್ಗಿದರೆ, ರೆಕ್ಕೆಗಳ ನಡುವೆ ಕವಚ ಅಡ್ಡ ನಿಂತಿರುವ ಕಡೆ ಲೋಹಕ್ಕೆ ಅಷ್ಟು ಕುಗ್ಗಲು ಆಗುವುದಿಲ್ಲ. ಅದಕ್ಕೇ ಮೊದಲ ಸ್ಯಾಂಪಲ್ ಅಳೆದ ಮೇಲೆ ಡೈಯನ್ನು ಒಮ್ಮೆ ತಿದ್ದುವುದು ಮಾಮೂಲಿ. "ಮೊದಲ ಸಲಕ್ಕೇ ಸರಿ ಬರುತ್ತದೆ" ಎಂದು ಯಾರಾದರೂ ಮಾತು ಕೊಟ್ಟರೆ ನಾನು ನಂಬುವುದಿಲ್ಲ.

ಡೈ ಸಾಮಾನ್ಯವಾಗಿ ಅಲ್ಯೂಮಿನಿಯಂನದು. ಮೇಣವನ್ನು 55ರಿಂದ 65 ಡಿಗ್ರಿಯಲ್ಲಿ, ಗಟ್ಟಿ ಗಂಜಿಯಂತೆ ಇರುವಾಗಲೇ, ಒತ್ತಡದಿಂದ ತುಂಬುತ್ತಾರೆ. ಪೂರ್ತಿ ನೀರಾಗಿರುವ ಮೇಣ ತುಂಬಿದರೆ ಕುಗ್ಗುವುದು ಹೆಚ್ಚಾಗಿ, ದಪ್ಪ ಜಾಗಗಳಲ್ಲಿ ಗುಳಿ ಬೀಳುತ್ತದೆ.

ರೆಕ್ಕೆಗಳು ಎರಡು ತಟ್ಟೆಗಳ ನಡುವೆ ಮುಚ್ಚಿಹೋಗಿವೆ. ಆ ಟೊಳ್ಳು ಮೇಣದಲ್ಲಿ ಹೇಗೆ ಬರುತ್ತದೆ?

ಎರಡು ಬಗೆಯ ಮೇಣದಿಂದ. ನೀರಿನ ದಾರಿಗಳ ಆಕಾರವನ್ನು ಮೊದಲು ಕರಗುವ ಮೇಣದಲ್ಲಿ ಮಾಡಿಕೊಳ್ಳುತ್ತಾರೆ. ಅದನ್ನು ಡೈಯೊಳಗಿಟ್ಟು ಸುತ್ತಲೂ ಮಾಮೂಲಿ ಮೇಣ ತುಂಬುತ್ತಾರೆ. ಹೊರತೆಗೆದ ಮೇಲೆ ಎರಡನ್ನೂ ಒಟ್ಟಿಗೆ ತೆಳು ಆಮ್ಲ ಬೆರೆಸಿದ ನೀರಿನಲ್ಲಿ ಬಿಡುತ್ತಾರೆ. ಕರಗುವ ಮೇಣ ನೊರೆಯಾಗಿ ಹೋಗುತ್ತದೆ, ಮಾಮೂಲಿ ಮೇಣಕ್ಕೆ ಏನೂ ಆಗುವುದಿಲ್ಲ. ಒಳಗೆ ಟೊಳ್ಳಿರುವ, ಎಲ್ಲೂ ಜೋಡಣೆಯ ಗೆರೆಯಿಲ್ಲದ ಮೇಣದ ಇಂಪೆಲ್ಲರ್ ಕೈಗೆ ಬರುತ್ತದೆ.

ಮರಳು ಎರಕದಲ್ಲಿ ಇದೇ ಕೆಲಸಕ್ಕೆ ಮರಳಿನ ಕೋರ್ ಬೇಕು. 8 ಮಿಲಿಮೀಟರ್ ಅಗಲದ ಬಾಗಿದ ದಾರಿಗೆ ಕೂರಿಸುವ ಮರಳಿನ ಕೋರ್ ಮುರಿಯುತ್ತದೆ, ಜರುಗುತ್ತದೆ. ಎಲ್ಲ ಸರಿಯಾದರೂ ದಾರಿಯ ಗೋಡೆ ಒರಟಾಗಿಯೇ ಉಳಿಯುತ್ತದೆ. ಮುಚ್ಚಿದ ದಾರಿಯೊಳಗೆ ಗ್ರೈಂಡರ್ ಹೋಗುವುದಿಲ್ಲವಾದ್ದರಿಂದ ಎರಕದಲ್ಲಿ ಬಂದ ನುಣುಪೇ ಕೊನೆಯ ನುಣುಪು. ಒಳಗೆ ಒರಟಿದ್ದಷ್ಟೂ ನೀರು ಉಜ್ಜಿಕೊಂಡು ಹರಿಯುತ್ತದೆ, ಪಂಪಿನ ದಕ್ಷತೆ ಇಳಿಯುತ್ತದೆ.

"ಮರ" ಕಟ್ಟುವುದು ಎಂದರೇನು?

ಮೇಣದ ಒಂದು ಕಾಂಡಕ್ಕೆ ಇಂಪೆಲ್ಲರ್‌ಗಳನ್ನು ಬಿಸಿ ಚಾಕುವಿನಿಂದ ಅಂಟಿಸಿ ಗೊಂಚಲು ಮಾಡುವುದು. ನಮ್ಮದರಲ್ಲಿ ಒಂದು ಮರಕ್ಕೆ ಆರು ಎಂದಿಟ್ಟುಕೊಳ್ಳಿ. ಸೋಮೇಶ್ವರ ಹೇಳಿದ ಮೇಣದ ಲೆಕ್ಕ ಇಲ್ಲಿ ಬೇಕಾಗುತ್ತದೆ. ಒಂದೇ ಗಾತ್ರದ ಮೇಣಕ್ಕಿಂತ ಸ್ಟೇನ್‌ಲೆಸ್ ಸ್ಟೀಲ್ ಸುಮಾರು ಎಂಟು ಪಟ್ಟು ಭಾರ. ಒಂದು ಇಂಪೆಲ್ಲರಿನ ಮೇಣ 80 ಗ್ರಾಂ, ಆರಕ್ಕೆ 480. ಕಾಂಡ, ಕಾಂಡವನ್ನು ಇಂಪೆಲ್ಲರಿಗೆ ಜೋಡಿಸುವ ಗೇಟು, ಲೋಹ ಸುರಿಯುವ ಮೇಲಿನ ಬಟ್ಟಲು ಸೇರಿ 520. ಒಟ್ಟು 1000 ಗ್ರಾಂ ಮೇಣಕ್ಕೆ 8 ಕಿಲೋ ಉಕ್ಕು ಬೇಕು. ಅದರಲ್ಲಿ ಮಾಲಾಗಿ ಹೊರಡುವುದು 3.8 ಕಿಲೋ, ಉಳಿದದ್ದು ಮತ್ತೆ ಕರಗಿಸಲು ಹೋಗುತ್ತದೆ. ಕೊಟೇಶನ್ ನೋಡಿ "ಕಿಲೋಗೆ ಇಷ್ಟೇಕೆ" ಎಂದು ಕೇಳುವವರು ಈ ಅರ್ಧವನ್ನು ಮರೆತಿರುತ್ತಾರೆ.

ಗೇಟನ್ನು ಎಲ್ಲಿ ಅಂಟಿಸುತ್ತೀರಿ ಎಂಬುದೂ ಮುಖ್ಯ. ಅತ್ಯಂತ ದಪ್ಪನೆಯ ಜಾಗ, ಇಲ್ಲಿ ನಡುವಿನ ಗುಬುಟು, ಕೊನೆಗೆ ಗಟ್ಟಿಯಾಗುತ್ತದೆ. ಕುಗ್ಗುವಾಗ ಅದಕ್ಕೆ ಹೊರಗಿನಿಂದ ದ್ರವಲೋಹ ಸಿಗದಿದ್ದರೆ ಒಳಗೆ ಟೊಳ್ಳು ಉಳಿಯುತ್ತದೆ. ಆದ್ದರಿಂದ ಗೇಟು ಗುಬುಟಿಗೇ ಬರಬೇಕು, ಗುಬುಟಿಗಿಂತ ತಡವಾಗಿ ಗಟ್ಟಿಯಾಗುವಷ್ಟು ದಪ್ಪವೂ ಇರಬೇಕು.

ನುಣುಪು ನಿಜವಾಗಿ ಎಲ್ಲಿ ತೀರ್ಮಾನವಾಗುತ್ತದೆ? ಕೊನೆಯ ಪಾಲಿಶಿನಲ್ಲೇ?

ಕವಚದ ಮೊದಲ ಪದರದಲ್ಲಿ. ಲೋಹ ತನ್ನ ಮುಂದಿರುವುದನ್ನು ನಕಲು ಮಾಡುತ್ತದೆ ಅಷ್ಟೆ. ಮೇಣದ ಮೈಗೆ ಮೊದಲು ತಾಗುವುದು ಕೊಲಾಯ್ಡಲ್ ಸಿಲಿಕಾ ಎಂಬ ಬಂಧಕದಲ್ಲಿ ಕಲಸಿದ ಜಿರ್ಕಾನ್ ಹಿಟ್ಟಿನ ಸ್ಲರಿ. ಆ ಹಿಟ್ಟಿನ ಕಣಗಳು 45 ಮೈಕ್ರಾನಿಗಿಂತ ನುಣ್ಣಗಿರುತ್ತವೆ. ಮರವನ್ನು ಅದರಲ್ಲಿ ಅದ್ದಿ, ನಿಧಾನವಾಗಿ ತಿರುಗಿಸುತ್ತ ಹೆಚ್ಚಿನದನ್ನು ಇಳಿಯಬಿಟ್ಟು, ಹಸಿಯಿರುವಾಗಲೇ ಮೇಲೆ ನುಣ್ಣನೆಯ ಜಿರ್ಕಾನ್ ಮರಳು ಉದುರಿಸುತ್ತಾರೆ. ಮರಳು ಮುಂದಿನ ಪದರಕ್ಕೆ ಹಿಡಿತ ಕೊಡುತ್ತದೆ. ಆಮೇಲಿನ ಪದರಗಳಿಗೆ ಅಷ್ಟು ದುಬಾರಿ ಪುಡಿ ಬೇಡ, ಅಲ್ಯೂಮಿನೋಸಿಲಿಕೇಟಿನ ಒರಟು ಮರಳು ಸಾಕು. ಒಟ್ಟು ಏಳೆಂಟು ಪದರ ಸೇರಿ ಗೋಡೆ 6ರಿಂದ 10 ಮಿಲಿಮೀಟರ್ ದಪ್ಪವಾಗುತ್ತದೆ.

ಸ್ಲರಿಯ ಹದ ಅಳೆಯುವ ಸಾಧನ ಸರಳ. ತಳದಲ್ಲಿ ತೂತಿರುವ ಸಣ್ಣ ಬಟ್ಟಲನ್ನು ಅದ್ದಿ ಎತ್ತಿ, ಖಾಲಿಯಾಗಲು ಎಷ್ಟು ಸೆಕೆಂಡು ಬೇಕೆಂದು ನೋಡುತ್ತಾರೆ. ತೀರಾ ತೆಳುವಾದರೆ ಮೇಲೆ ಉದುರಿಸಿದ ಮರಳಿನ ಕಾಳು ಒಳಕ್ಕೆ ತೂರಿ ಮೇಣವನ್ನೇ ಮುಟ್ಟುತ್ತದೆ, ಲೋಹದ ಮೈ ತರಿತರಿಯಾಗುತ್ತದೆ. ತೀರಾ ಗಟ್ಟಿಯಾದರೆ ಮೂಲೆಗಳಲ್ಲಿ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಆ ಗುಳ್ಳೆಯ ಜಾಗಕ್ಕೆ ಲೋಹ ಹೋಗಿ ಸಾಸಿವೆಯಂಥ ಮಣಿಯಾಗುತ್ತದೆ. ರೆಕ್ಕೆ ತಟ್ಟೆಗೆ ಸೇರುವ ಮೂಲೆಯಲ್ಲಿ ಮಣಿ ಕಂಡರೆ ಕುಲುಮೆಯನ್ನು ದೂರಬೇಡಿ, ಸ್ಲರಿ ಡ್ರಮ್ಮಿನ ಹತ್ತಿರ ಹೋಗಿ ನೋಡಿ. ಮೇಣ ಡೈಗೆ ಅಂಟದಿರಲಿ ಎಂದು ಹಚ್ಚಿದ ಸಿಲಿಕೋನ್ ಎಣ್ಣೆಯನ್ನು ಮೇಣದ ಮೇಲಿಂದ ಸರಿಯಾಗಿ ತೊಳೆಯದಿದ್ದರೂ ಸ್ಲರಿ ಕೆಸುವಿನ ಎಲೆಯ ಮೇಲಿನ ನೀರಿನಂತೆ ಹಿಂದೆ ಸರಿಯುತ್ತದೆ.

ಒಣಗಿಸಲು ದಿನಗಟ್ಟಲೆ ಏಕೆ? ಬಿಸಿ ಗಾಳಿ ಹಾಯಿಸಿದರೆ ಬೇಗ ಆಗುವುದಿಲ್ಲವೇ?

ಬೇಗ ಆಗುತ್ತದೆ, ಕವಚವೂ ಬೇಗ ಸೀಳುತ್ತದೆ. ನೆರಳಿನಲ್ಲಿ ಒಣಗಿಸು ಎಂಬ ಮಾತಿನ ಅರ್ಥ ಇದೇ.

ಒದ್ದೆ ಬಟ್ಟೆ ಸುತ್ತಿದ ಮಡಕೆ ತಣ್ಣಗಾಗುವಂತೆ, ಹಸಿ ಪದರದಿಂದ ನೀರು ಆರುವಾಗ ಒಳಗಿನ ಮೇಣ ಕೋಣೆಗಿಂತ ಕೆಲವು ಡಿಗ್ರಿ ತಣ್ಣಗಾಗಿ ಕುಗ್ಗುತ್ತದೆ. ಮೆತ್ತಗಿರುವ ಪದರ ಆ ಕುಗ್ಗಿದ ಮೇಣಕ್ಕೆ ಹೊಂದಿಕೊಂಡು ಗಟ್ಟಿಯಾಗುತ್ತದೆ. ನೀರೆಲ್ಲ ಆರಿದ ಮೇಲೆ ತಂಪು ನಿಂತು ಮೇಣ ಮತ್ತೆ ಕೋಣೆಯ ಶಾಖಕ್ಕೆ ಬಂದು ಹಿಗ್ಗುತ್ತದೆ. ಮೇಣದ ಹಿಗ್ಗುವಿಕೆ ಕವಚಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಈಗ ಗಟ್ಟಿಯಾಗಿರುವ ತೆಳು ಪದರ ಆ ಎಳೆತ ತಾಳದೆ ಬಿರುಕು ಬಿಡುತ್ತದೆ ಅಥವಾ ಮೇಣದಿಂದ ಬಿಟ್ಟು ಮೇಲೇಳುತ್ತದೆ. ಗಾಳಿ ಜೋರಾದಷ್ಟೂ ತಂಪು ಹೆಚ್ಚು, ಆಮೇಲಿನ ಹಿಗ್ಗೂ ಹೆಚ್ಚು. ಅದಕ್ಕೇ ಮೊದಲ ಪದರದ ಕೋಣೆಯನ್ನು 22ರಿಂದ 24 ಡಿಗ್ರಿಯಲ್ಲಿ, ತೇವಾಂಶ 50–60 ಪ್ರತಿಶತದಲ್ಲಿ, ಫ್ಯಾನ್ ಇಲ್ಲದೆ ಇಡುತ್ತಾರೆ. ಆಮೇಲಿನ ಪದರಗಳಿಗೆ ಗಾಳಿ ಹಾಯಿಸಬಹುದು, ಆದರೂ ಕೋಣೆಯ ಶಾಖ ಬದಲಾಗಬಾರದು.

ನಾನು ಕೆಲಸ ಕಲಿತ ಫೌಂಡ್ರಿಯಲ್ಲಿ ಒಂದು ಏಪ್ರಿಲ್ ರಾತ್ರಿ ಕವಚ ಕೋಣೆಯ ಏಸಿ ನಿಂತುಹೋಗಿತ್ತು. ಬೆಳಿಗ್ಗೆ ಬಂದು ಸರಿ ಮಾಡಿದೆವು. ಮರಗಳನ್ನು ನೋಡಿದರೆ ಏನೂ ಆಗಿರಲಿಲ್ಲ, ಕೆಲಸ ಮುಂದುವರಿಸಿದೆವು. ನಾಲ್ಕು ದಿನ ಕಳೆದು ಎರಕ ಒಡೆದಾಗ ಎಲ್ಲದರ ಮೈಮೇಲೂ ನಾಣ್ಯದಗಲದ ತೆಳ್ಳನೆಯ ಲೋಹದ ಹೊಪ್ಪಳಿಕೆಗಳು. ಮೊದಲ ಪದರ ಒಳಗೇ ಎದ್ದಿತ್ತು, ಅದರ ಹಿಂದೆ ಲೋಹ ನುಗ್ಗಿತ್ತು. ಆ ರಾತ್ರಿಯ ಶಾಖವನ್ನು ಯಾರೂ ಬರೆದಿಟ್ಟಿರಲಿಲ್ಲ. ಆವತ್ತಿನಿಂದ ನಾನು ಯಾವ ಫೌಂಡ್ರಿಗೆ ಹೋದರೂ ಮೊದಲು ನೋಡುವುದು ಕವಚ ಕೋಣೆಯ ಗೋಡೆಯ ಮೇಲಿರುವ ಶಾಖ-ತೇವದ ದಾಖಲೆಯನ್ನು.

ನಮ್ಮ ಇಂಪೆಲ್ಲರಿನಲ್ಲಿ ಇನ್ನೊಂದು ತೊಡಕಿದೆ. 8 ಮಿಲಿಮೀಟರಿನ ದಾರಿಯೊಳಗೆ ಗಾಳಿ ಆಡುವುದಿಲ್ಲ. ಹೊರಮೈ ಕೆಲವು ಗಂಟೆಗಳಲ್ಲಿ ಆರಿದರೆ ಒಳಮೈಗೆ ಅದರ ಎರಡು ಮೂರು ಪಟ್ಟು ಹೊತ್ತು ಬೇಕು. ಮೂರ್ನಾಲ್ಕು ಪದರಕ್ಕೆ ದಾರಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಹಿಂದಿನ ಪದರ ಒಣಗುವ ಮೊದಲೇ ಮುಚ್ಚಿದರೆ ಒಳಗೆ ತೇವ ಉಳಿದು, ಆ ಜಾಗ ದುರ್ಬಲವಾಗುತ್ತದೆ. ದಾರಿ ಇನ್ನೂ ಕಿರಿದಾದರೆ ಸ್ಲರಿಯನ್ನು ನೆಚ್ಚದೆ, ಮೊದಲೇ ಸುಟ್ಟ ಸೆರಾಮಿಕ್ ಕೋರನ್ನು ಮೇಣದೊಳಗೆ ಕೂರಿಸುವುದೇ ಸರಿ.

ಮೇಣ ತೆಗೆಯಲು ನಿಧಾನವಾಗಿ ಬಿಸಿ ಮಾಡಿದರೆ ಸಾಲದೇ?

ಇಲ್ಲಿ ನಿಯಮ ತಿರುಗುಮುರುಗು. ಒಣಗಿಸುವಾಗ ಎಷ್ಟು ನಿಧಾನವೋ ಇಲ್ಲಿ ಅಷ್ಟು ಬಿರುಸು ಬೇಕು. ಮೇಣ ಕರಗುವಾಗ ಗಾತ್ರದಲ್ಲಿ ಸುಮಾರು ಹತ್ತು ಪ್ರತಿಶತ ಹಿಗ್ಗುತ್ತದೆ. ನಿಧಾನವಾಗಿ ಕಾಯಿಸಿದರೆ ಒಳಗಿನದೆಲ್ಲ ಒಟ್ಟಿಗೆ ಹಿಗ್ಗಿ ಕವಚವನ್ನು ಸೀಳುತ್ತದೆ. ಆದ್ದರಿಂದ ಮರವನ್ನು ತಲೆಕೆಳಗಾಗಿ ಆಟೋಕ್ಲೇವಿನಲ್ಲಿಟ್ಟು ಐದಾರು ಸೆಕೆಂಡಿನಲ್ಲೇ ಏಳೆಂಟು ಬಾರ್ ಒತ್ತಡದ ಹಬೆ ತುಂಬುತ್ತಾರೆ. ಆಗ ಕವಚಕ್ಕೆ ತಾಗಿದ ಮೇಣದ ತೊಗಲು ಮೊದಲು ಕರಗಿ ಹರಿದುಹೋಗುತ್ತದೆ. ಒಳಗಿನ ಮೇಣ ಹಿಗ್ಗುವ ಹೊತ್ತಿಗೆ ಸುತ್ತ ಸ್ವಲ್ಪ ಜಾಗ ಸಿಕ್ಕಿರುತ್ತದೆ. ಹಬೆ ತಡವಾದದ್ದು ಹೇಗೆ ಗೊತ್ತಾಗುತ್ತದೆ? ಎರಕದ ಅಂಚುಗಳುದ್ದಕ್ಕೂ ಕಾಗದದಂಥ ತೆಳು ಲೋಹದ ಹಾಳೆಗಳು ಎದ್ದಿರುತ್ತವೆ. ಕವಚದ ಬಿರುಕಿಗೆ ಲೋಹ ಹೋದ ಗುರುತು ಅದು.

ಇಳಿದ ಮೇಣವನ್ನು ಸೋಸಿ, ನೀರು ತೆಗೆದು ಮತ್ತೆ ಬಳಸುತ್ತಾರೆ, ಹೆಚ್ಚಾಗಿ ಕಾಂಡಗಳಿಗೆ.

ಉಕ್ಕು ಸುರಿಯುವಾಗ ಏನು ನಡೆಯುತ್ತದೆ?

ಖಾಲಿ ಕವಚವನ್ನು 1000 ಡಿಗ್ರಿಯ ಹತ್ತಿರ ಸುಡುತ್ತಾರೆ. ಉಳಿದ ಮೇಣ ಉರಿದುಹೋಗಿ, ಮಣ್ಣು ಬೆಂದು ಗಟ್ಟಿಯಾಗುತ್ತದೆ. ಪಕ್ಕದ ಇಂಡಕ್ಷನ್ ಕುಲುಮೆಯಲ್ಲಿ ಉಕ್ಕಿನ ರಾಸಾಯನಿಕ ಪರೀಕ್ಷೆ ಮುಗಿಸಿ 1600 ಡಿಗ್ರಿಯ ಆಸುಪಾಸಿಗೆ ತರುತ್ತಾರೆ. ಕೆಂಪಗೆ ಹೊಳೆಯುವ ಕವಚವನ್ನು ಒಲೆಯಿಂದ ತೆಗೆದು, ಅರ್ಧ ನಿಮಿಷದೊಳಗೆ ಸುರಿದು ಮುಗಿಸಬೇಕು.

ತೆಳುವಾದ ರೆಕ್ಕೆ ಪೂರ್ತಿ ತುಂಬುವುದರ ಕಾರಣ ಈ ಬಿಸಿ ಕವಚ. ತಣ್ಣನೆಯ ಮರಳಿನ ಅಚ್ಚಿನಲ್ಲಿ 2.5 ಮಿಲಿಮೀಟರ್ ದಪ್ಪದ ಉಕ್ಕು ತುದಿ ತಲುಪುವ ಮೊದಲೇ ಹೆಪ್ಪುಗಟ್ಟುತ್ತದೆ. ರೆಕ್ಕೆಯ ತುದಿ ದುಂಡಗಾಗಿ ಅರ್ಧಕ್ಕೇ ನಿಂತಿದ್ದರೆ ಕವಚ ಹೊರಗೆ ಹೆಚ್ಚು ಹೊತ್ತು ಕಾದಿತ್ತು ಎಂದರ್ಥ. ಹಾಗೆಂದು ಉಕ್ಕನ್ನು ವಿಪರೀತ ಕಾಯಿಸಿದರೆ ಗುಬುಟಿನಲ್ಲಿ ಟೊಳ್ಳು ಹೆಚ್ಚುತ್ತದೆ. ಉಕ್ಕಿನ ಬದಲು ಕವಚದ ಶಾಖವನ್ನು ಕಾಪಾಡುವುದು ಜಾಣತನ.

ತಣಿದ ಮೇಲೆ ಕವಚ ಒಡೆದು, ಮರದಿಂದ ಒಂದೊಂದನ್ನೇ ಕತ್ತರಿಸಿ, ಗೇಟಿನ ಗುರುತನ್ನು ಗ್ರೈಂಡ್ ಮಾಡಿ, ಶಾಟ್ ಬ್ಲಾಸ್ಟ್ ಮಾಡುತ್ತಾರೆ. ಸಿಎಫ್8ಎಂಗೆ 1040 ಡಿಗ್ರಿಗಿಂತ ಮೇಲೆ ಕಾಯಿಸಿ ನೀರಿಗೆ ಅದ್ದುವುದು ಕಡ್ಡಾಯ. ನಿಧಾನವಾಗಿ ತಣಿದಾಗ ಕಣಗಳ ಅಂಚಿನಲ್ಲಿ ಕೂತ ಕ್ರೋಮಿಯಂ ಕಾರ್ಬೈಡ್ ಕರಗದಿದ್ದರೆ ಸ್ಟೇನ್‌ಲೆಸ್ಸಿಗೂ ತುಕ್ಕು ಹಿಡಿಯುತ್ತದೆ.

ಎಷ್ಟು ನುಣುಪು, ಎಷ್ಟು ನಿಖರ ನಿರೀಕ್ಷಿಸಬಹುದು?

ಉಕ್ಕಿನಲ್ಲಿ ಮೈಯ ಒರಟುತನ ಆರ್‌ಎ 3.2 ಮೈಕ್ರಾನಿನ ಆಸುಪಾಸು ಬರುತ್ತದೆ. ಮರಳು ಎರಕದಲ್ಲಿ 12.5ರಿಂದ 25 ಮಾಮೂಲಿ. ಅಳತೆಯಲ್ಲಿ ಅರ್ಧ ಪ್ರತಿಶತ ಆಚೀಚೆ ಎಂದು ಹಿಡಿಯಿರಿ. 110 ಮಿಲಿಮೀಟರಿಗೆ ಅದು 0.55 ಆಗುತ್ತದೆ. ಅಂದರೆ ಶಾಫ್ಟ್ ಕೂರುವ ರಂಧ್ರ, ಸೀಲ್ ತಾಗುವ ಮುಖ, ಹೊರವ್ಯಾಸ ಇವನ್ನು ಲೇತಿನಲ್ಲಿ ತೆಗೆಯಲೇಬೇಕು. ರೆಕ್ಕೆ, ದಾರಿಗಳನ್ನು ಮುಟ್ಟಬೇಕಿಲ್ಲ. ಕವಚ ಒಂದೇ ತುಂಡಾದ್ದರಿಂದ ಮರಳು ಎರಕದಂತೆ ಎರಡು ಪೆಟ್ಟಿಗೆಗಳು ಸೇರುವ ಗೆರೆಯೂ ಇಲ್ಲ, ಜರುಗುವ ದೋಷವೂ ಇಲ್ಲ.

ಹಾಗಾದರೆ ಎಲ್ಲ ಭಾಗಕ್ಕೂ ಇದನ್ನೇ ಬಳಸಬಹುದಲ್ಲ?

ಬೇಡ. 30 ಕಿಲೋದ ಪಂಪಿನ ಮೈಯನ್ನು ಇದರಲ್ಲಿ ಮಾಡಿಸುವುದು ದುಡ್ಡು ಹಾಳು. ಅದಕ್ಕೆ ಮರಳೇ ಸರಿ, ಬೆಳಗಾವಿಯ ಫೌಂಡ್ರಿಗಳು ಆ ಕೆಲಸದಲ್ಲಿ ಪಳಗಿವೆ. ದೊಡ್ಡ ಮರ ಸ್ಲರಿಯಲ್ಲಿ ಅದ್ದಿ ಎತ್ತಲು ಭಾರವಾಗುತ್ತದೆ, ಅಗಲವಾದ ಚಪ್ಪಟೆ ಮುಖಗಳಲ್ಲಿ ಕವಚ ಬಾಗುತ್ತದೆ, ಅಳತೆಯ ಅರ್ಧ ಪ್ರತಿಶತವೂ ದೊಡ್ಡ ಸಂಖ್ಯೆಯಾಗುತ್ತದೆ. ಸರಳವಾದ ದುಂಡು ಭಾಗವಾದರೆ ಸರಳಿನಿಂದ ಲೇತಿನಲ್ಲಿ ತೆಗೆಯುವುದೇ ಅಗ್ಗ. ಆಕಾರ ತೊಡಕಾಗಿದ್ದು, ಲೋಹ ಕೊರೆಯಲು ಕಷ್ಟವಾಗಿದ್ದು, ತೂಕ ಕೆಲವು ಗ್ರಾಂನಿಂದ ಕೆಲವು ಕಿಲೋದೊಳಗಿದ್ದರೆ ಈ ದಾರಿ ಗೆಲ್ಲುತ್ತದೆ.

ನಾಲ್ಕೈದು ತುಂಡು ಮಾತ್ರ ಬೇಕಿದ್ದರೆ ಡೈ ಮಾಡಿಸದೆ 3ಡಿ ಪ್ರಿಂಟ್ ಮಾಡಿದ ಮಾದರಿಯನ್ನು ಮೇಣದ ಬದಲು ಬಳಸಬಹುದು. ಅದನ್ನು ಸುಟ್ಟೇ ತೆಗೆಯಬೇಕು, ಬೂದಿ ಉಳಿಯದ ವಸ್ತುವೇ ಆಗಬೇಕು.

ಬಂದ ಮಾಲು ಸರಿಯಿದೆಯೇ ಎಂದು ನಾನೇ ನೋಡುವುದು ಹೇಗೆ?

ಮೊದಲ ಸ್ಯಾಂಪಲಿನಲ್ಲಿ ಒಂದನ್ನು ಕತ್ತರಿಸಲು ಒಪ್ಪಿಸಿ. ಹಿಂದಿನ ತಟ್ಟೆಗೆ ಸಮಾನಾಂತರವಾಗಿ, ರೆಕ್ಕೆಗಳ ನಡುಮಟ್ಟದಲ್ಲಿ ಕೊಯ್ದರೆ ಐದೂ ದಾರಿಗಳು ಒಮ್ಮೆಗೇ ತೆರೆದುಕೊಳ್ಳುತ್ತವೆ. ಮೂಲೆಗಳಲ್ಲಿ ಮಣಿ ಇದೆಯೇ, ಗೋಡೆಯಲ್ಲಿ ಬಿಳಿ ಸೆರಾಮಿಕ್ ಅಂಟಿದೆಯೇ, ರೆಕ್ಕೆಗಳ ದಪ್ಪ ಒಂದೇ ಇದೆಯೇ ನೋಡಿ. ಮತ್ತೊಂದನ್ನು ಗುಬುಟಿನ ನಡುವೆ ಉದ್ದಕ್ಕೆ ಸೀಳಿ, ನುಣ್ಣಗೆ ಉಜ್ಜಿ, ಸಣ್ಣ ತೂತುಗಳಿಗೆ ಇಳಿಯುವ ಬಣ್ಣದ ಪೆನಿಟ್ರಂಟ್ ಹಚ್ಚಿ ಒರೆಸಿ, ಅದನ್ನು ಮತ್ತೆ ಹೊರಗೆಳೆಯುವ ಡೆವಲಪರ್ ಸಿಂಪಡಿಸಿ. ಗೇಟಿನ ಬುಡದಲ್ಲಿ ಕೆಂಪು ಚುಕ್ಕೆಗಳ ಗುಂಪು ಮೂಡಿದರೆ ಗೇಟು ತೆಳುವಾಯಿತು ಎಂದರ್ಥ. ಅದು ಡೈಯ ತಪ್ಪಲ್ಲ. ಮರ ಕಟ್ಟುವಲ್ಲಿ ಗೇಟಿನ ಗಾತ್ರ ಹೆಚ್ಚಿಸಿದರೆ ಸರಿಹೋಗುತ್ತದೆ. ಶಾಫ್ಟಿನ ರಂಧ್ರ ಕೊರೆದಾಗ ಗೋಡೆಯಲ್ಲಿ ಸೂಜಿಮೊನೆಯಂಥ ತೂತು ಕಾಣುವುದೂ ಇದೇ ಕಾರಣಕ್ಕೆ. ಆದ್ದರಿಂದ ಪೂರ್ತಿ ಆರ್ಡರ್ ಕೊಡುವ ಮೊದಲು ಎರಡು ಮೂರು ತುಂಡುಗಳನ್ನು ನಿಮ್ಮ ಲೇತಿನಲ್ಲೇ ರಂಧ್ರ ಕೊರೆಸಿ ನೋಡಿಕೊಳ್ಳಿ.